ಬಸಿರಿನಲ್ಲಿ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ವಾಹಕ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸಿರಿನ ಮೊದಲ ತಿಂಗಳುಗಳಲ್ಲಿ ಇರುವವರಿಗೆ, ಅವರ ಗಂಡಂದಿರಿಗೆ ಮತ್ತು ವರದಿ ಕೈಗೆ ಬಂದ ಮೇಲೆ ಗಾಬರಿಯಿಂದ ಫೋನ್ ಮಾಡುವ ಅಕ್ಕಂದಿರು, ಅತ್ತೆಯಂದಿರಿಗಾಗಿ ಈ ಪುಟ. ಇಲ್ಲಿ ಕೊಟ್ಟಿರುವ ಅಂಕಿಗಳು ವರದಿ ಅರ್ಥವಾಗಲೆಂದು. ತೀರ್ಮಾನಕ್ಕೆ ಬರುವ ಮುನ್ನ ನಿಮ್ಮ ವರದಿಯನ್ನು ಡಾಕ್ಟರ ಮುಂದೆ ಇಟ್ಟು ಮಾತಾಡಿ.

ನನಗೆ ಯಾವ ಕಾಯಿಲೆಯೂ ಇಲ್ಲ. ನಮ್ಮ ಮನೆತನದಲ್ಲೂ ಯಾರಿಗೂ ಇಲ್ಲ. ಮತ್ತೆ ಈ ಪರೀಕ್ಷೆ ಏಕೆ?

ವಾಹಕರಿಗೆ ಕಾಯಿಲೆ ಇರುವುದಿಲ್ಲ, ಅದಕ್ಕೇ ಅದು ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಬೀಟಾ ಜೀನ್ ತಯಾರಿಸುತ್ತದೆ. ಈ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಆ ಮನುಷ್ಯ ವಾಹಕ. ಊಟ, ಕೆಲಸ, ಆಯುಷ್ಯ ಎಲ್ಲವೂ ಉಳಿದವರಂತೆಯೇ ನಡೆಯುತ್ತದೆ. ಆ ಜೀನ್ ಸರಿಯಾಗಿ ಕೆಲಸ ಮಾಡದೆ ಬೀಟಾ ಭಾಗ ಕಡಿಮೆ ತಯಾರಾದರೆ ಅದು ಬೀಟಾ ಥಲಸ್ಸೀಮಿಯಾ. ತಯಾರಾಗುವ ಹಿಮೋಗ್ಲೋಬಿನ್ನಿನ ಸ್ವರೂಪವೇ ಬದಲಾಗಿ ಕೆಂಪು ಕಣ ಕುಡುಗೋಲಿನಂತೆ ಬಾಗುವ ಹಾಗಾದರೆ ಅದು ಸಿಕಲ್ ಸೆಲ್.

ತೊಂದರೆ ಬರುವುದು ಇಬ್ಬರು ವಾಹಕರು ಜೋಡಿಯಾದಾಗ. ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಮಗುವಿಗೆ ಬಂದರೆ ಬೀಟಾ ಥಲಸ್ಸೀಮಿಯಾ ಮೇಜರ್ ಅಥವಾ ಸಿಕಲ್ ಸೆಲ್ ಕಾಯಿಲೆ ಆಗುತ್ತದೆ. ಭಾರತದಲ್ಲಿ ಸುಮಾರು ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸ್ಸೀಮಿಯಾ ವಾಹಕರು. ಹೀಗೆ ಹುಟ್ಟುವ ಮಕ್ಕಳಲ್ಲಿ ಬಹಳಷ್ಟು ಮಂದಿಯ ಅಪ್ಪ ಅಮ್ಮ ‘ನಮ್ಮ ವಂಶದಲ್ಲಿ ಇದನ್ನು ಕೇಳಿಯೇ ಇಲ್ಲ’ ಎನ್ನುತ್ತಾರೆ. ಅವರು ಹೇಳುವುದು ನಿಜವೇ.

ಇದು ಕೆಲವು ಜಾತಿ, ಸಮುದಾಯದವರಿಗೆ ಮಾತ್ರ ಬರುವುದಲ್ಲವೇ?

ಕೆಲವು ಸಮುದಾಯಗಳಲ್ಲಿ ಹೆಚ್ಚು, ಆದರೆ ಯಾವುದೂ ಇದರಿಂದ ಹೊರತಲ್ಲ. ಸಿಂಧಿ, ಪಂಜಾಬಿ, ಗುಜರಾತಿನ ಲೋಹಾಣ, ಬಂಗಾಳಿ ಕುಟುಂಬಗಳಲ್ಲಿ ಬೀಟಾ ಥಲಸ್ಸೀಮಿಯಾ ಹೆಚ್ಚು. ಬಂಗಾಳ ಮತ್ತು ಈಶಾನ್ಯ ರಾಜ್ಯಗಳವರಲ್ಲಿ ಹಿಮೋಗ್ಲೋಬಿನ್ ಇ ಎಂಬ ಇನ್ನೊಂದು ಬದಲಾವಣೆ ಸಾಮಾನ್ಯ. ಸಿಕಲ್ ಸೆಲ್ ಭಾರತದಲ್ಲಿ ಮೊದಲು ಗುರುತಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲೂ ಅದು ಇದೆ. ಮಲೇರಿಯಾ ಕಾಡುತ್ತಿದ್ದ ಕಡೆಗಳಲ್ಲಿ ವಾಹಕರು ಆ ಜ್ವರಕ್ಕೆ ಕಡಿಮೆ ಬಲಿಯಾಗುತ್ತಿದ್ದರು, ಹೀಗಾಗಿ ಅಂಥ ಪ್ರದೇಶಗಳಲ್ಲಿ ಈ ಜೀನ್ ತಲೆಮಾರುಗಳ ಕಾಲ ಉಳಿದುಬಂತು.

ಕರ್ನಾಟಕದಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವ ರೂಢಿ ಇನ್ನೂ ಇದೆ. ಅಜ್ಜಿಯೊಬ್ಬರು ವಾಹಕರಾಗಿದ್ದರೆ ಅದೇ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಹೊರಗಿನವರನ್ನು ಮದುವೆಯಾದವರಿಗಿಂತ ಎಷ್ಟೋ ಹೆಚ್ಚು. ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ.

ಪರೀಕ್ಷೆ ಯಾವಾಗ ಮಾಡಿಸಬೇಕು?

ಮದುವೆಗೆ ಮುಂಚೆ ಅಥವಾ ಬಸಿರಾಗುವ ಮುಂಚೆ ಆದರೆ ಅತ್ಯುತ್ತಮ, ಆಗ ಯೋಚಿಸಲು ಬೇಕಾದಷ್ಟು ಸಮಯ ಇರುತ್ತದೆ. ಬಸಿರಾದ ಮೇಲಾದರೆ ತಾಯಿ ಕಾರ್ಡ್ ಮಾಡಿಸುವ ದಿನವೇ, ಅಂದರೆ 8 ರಿಂದ 10 ವಾರದೊಳಗೆ. ಇಷ್ಟು ಅವಸರವೇಕೆಂದರೆ, ಮುಂದೆ ಬೇಕಾಗಬಹುದಾದ ಮಗುವಿನ ಪರೀಕ್ಷೆ 11ನೇ ವಾರದಿಂದಲೇ ಸಾಧ್ಯ, ಅದಕ್ಕೆ ಮೊದಲು ಮೂರು ಕೆಲಸ ಮುಗಿದಿರಬೇಕು: ನಿಮ್ಮ ವರದಿ, ಗಂಡನ ವರದಿ, ಇಬ್ಬರ ಡಿಎನ್ಎ ಪರೀಕ್ಷೆ. ಐದನೇ ತಿಂಗಳ ಸ್ಕ್ಯಾನಿಂಗ್ ಹೊತ್ತಿಗೆ ಇದನ್ನು ಶುರು ಮಾಡಿದವರು ಪ್ರತಿ ವರದಿಗೂ ದಿನ ಎಣಿಸುತ್ತಾ ಕೂರಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಒಂದೇ ದಿನ ಕೊಡುವುದು ಒಳ್ಳೆಯದು. ಮೊದಲು ಹೆಂಡತಿ, ಅವಳಿಗೆ ಬಂದರೆ ಗಂಡ ಎನ್ನುವ ಕ್ರಮದಲ್ಲಿ ಹಣ ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಒಂದೆರಡು ವಾರ ಹೋಗುತ್ತದೆ, ಜೊತೆಗೆ ದೋಷ ಅವಳದ್ದು ಎಂಬ ಮಾತು ಮನೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಮಾಮೂಲಿ ರಕ್ತಪರೀಕ್ಷೆಯ ವರದಿಯಲ್ಲೇ ಏನಾದರೂ ಸುಳಿವು ಸಿಗುತ್ತದೆಯೇ?

ಸಿಗುತ್ತದೆ. ಹಿಮೋಗ್ಲೋಬಿನ್ ಎಷ್ಟು ಎಂದು ಮಾತ್ರ ನೋಡಿ ಕಾಗದ ಮಡಚಿಡುವುದರಿಂದ ಅದು ತಪ್ಪಿಹೋಗುತ್ತದೆ, ಅಷ್ಟೇ. ಪೂರ್ಣ ರಕ್ತಕಣ ಎಣಿಕೆ, ಅಂದರೆ ಸಿಬಿಸಿ ವರದಿಯಲ್ಲಿ ಮೂರು ಸಾಲು ನೋಡಿ. ಎಂಸಿವಿ ಎಂದರೆ ಕೆಂಪು ಕಣದ ಸರಾಸರಿ ಗಾತ್ರ, ಅದು 80ಕ್ಕಿಂತ ಕಡಿಮೆ ಇದೆಯೇ? ಎಂಸಿಎಚ್ ಎಂದರೆ ಒಂದೊಂದು ಕಣದಲ್ಲಿರುವ ಹಿಮೋಗ್ಲೋಬಿನ್, ಅದು 27ಕ್ಕಿಂತ ಕಡಿಮೆ ಇದೆಯೇ? ಕೊನೆಗೆ ಕೆಂಪು ಕಣಗಳ ಎಣಿಕೆ.

ಬೀಟಾ ಥಲಸ್ಸೀಮಿಯಾ ವಾಹಕರ ಕಣಗಳು ಸಣ್ಣವು, ಆದರೆ ಎಣಿಕೆ ಹೆಚ್ಚು. ಕಬ್ಬಿಣಾಂಶದ ಕೊರತೆ ಇರುವವರಲ್ಲಿ ಕಣವೂ ಸಣ್ಣ, ಎಣಿಕೆಯೂ ಕಡಿಮೆ. ಹೀಗಾಗಿ ಎಂಸಿವಿಯನ್ನು ಕಣಗಳ ಎಣಿಕೆಯಿಂದ (ದಶಲಕ್ಷಗಳಲ್ಲಿ) ಭಾಗಿಸಿ ನೋಡುವ ಹಳೆಯ ಲೆಕ್ಕವೊಂದಿದೆ. ಎಂಸಿವಿ 63, ಎಣಿಕೆ 5.3 ಇದ್ದರೆ ಸುಮಾರು 12 ಬರುತ್ತದೆ. 13ಕ್ಕಿಂತ ಕಡಿಮೆಯಾದರೆ ಥಲಸ್ಸೀಮಿಯಾ ವಾಹಕ ಇರಬಹುದೆಂಬ ಅನುಮಾನ ಬಲವಾಗುತ್ತದೆ. ಎಂಸಿವಿ 70, ಎಣಿಕೆ 3.9 ಇದ್ದರೆ 18ರ ಹತ್ತಿರ, ಅದು ಕಬ್ಬಿಣಾಂಶದ ಕೊರತೆಯ ಕಡೆ ಬೆರಳು ತೋರಿಸುತ್ತದೆ. ಆದರೆ ಇದು ಅನುಮಾನ ಹುಟ್ಟಿಸುವ ಲೆಕ್ಕ ಮಾತ್ರ. 13ಕ್ಕಿಂತ ಹೆಚ್ಚು ಬಂತೆಂದು ಮುಂದಿನ ಪರೀಕ್ಷೆ ಬಿಡಬಾರದು, ಏಕೆಂದರೆ ಎರಡೂ ಒಟ್ಟಿಗೆ ಇರುವವರು ನಮ್ಮಲ್ಲಿ ಬಹಳ.

ಸಿಕಲ್ ಸೆಲ್ ವಾಹಕರ ಸಿಬಿಸಿಯಲ್ಲಿ ಈ ಸುಳಿವೂ ಇರುವುದಿಲ್ಲ. ಕಣದ ಗಾತ್ರ, ಎಣಿಕೆ, ಹಿಮೋಗ್ಲೋಬಿನ್ ಎಲ್ಲವೂ ಸರಿಯಾಗಿಯೇ ಇರಬಹುದು. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

‘ಐರನ್ ಕಡಿಮೆ ಇದೆ, ಮೂರು ತಿಂಗಳು ಮಾತ್ರೆ ತಗೊಂಡು ಆಮೇಲೆ ನೋಡೋಣ’ ಎಂದಿದ್ದಾರೆ. ಕಾಯಬಹುದೇ?

ಬಸಿರಿಲ್ಲದವರಿಗೆ ಇದು ಸರಿಯಾದ ಸಲಹೆ. ಬಸುರಿಗೆ ಅಲ್ಲ. 9ನೇ ವಾರದಲ್ಲಿ ಇರುವವರು ಮೂರು ತಿಂಗಳು ಕಾದರೆ 21ನೇ ವಾರ ದಾಟುತ್ತದೆ. ಮಾತ್ರೆ ಇಂದೇ ಶುರುವಾಗಲಿ, ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ರಕ್ತವನ್ನೂ ಇಂದೇ ಕೊಡಿ. ಕಬ್ಬಿಣಾಂಶ ತೀರಾ ಕಡಿಮೆ ಇದ್ದಾಗ ವಾಹಕರನ್ನು ಗುರುತಿಸಲು ನೋಡುವ ಎ2 ಎಂಬ ಹಿಮೋಗ್ಲೋಬಿನ್ ಸ್ವಲ್ಪ ತಗ್ಗಿ, ವಾಹಕರ ವರದಿಯೂ ಗಡಿಯ ಹತ್ತಿರ ಬಂದು ನಿಲ್ಲಬಹುದು. ಹಾಗೆ ಅನುಮಾನವಾದರೆ ಕಾಯುವ ಬದಲು ಗಂಡನನ್ನು ಪರೀಕ್ಷಿಸುವುದೇ ಹತ್ತಿರದ ದಾರಿ. ಅವರ ವರದಿ ಸರಿಯಿದ್ದರೆ ನಿಮ್ಮದು ಗಡಿಯಲ್ಲಿದ್ದರೂ ಈ ಬಸಿರಿನ ಮಟ್ಟಿಗೆ ದೊಡ್ಡ ಆತಂಕ ಉಳಿಯುವುದಿಲ್ಲ.

ಎಚ್‌ಪಿಎಲ್‌ಸಿ ವರದಿಯನ್ನು ಓದುವುದು ಹೇಗೆ?

ನಿಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗಳನ್ನು ಈ ಯಂತ್ರ ಬೇರ್ಪಡಿಸಿ, ಯಾವುದು ಶೇಕಡಾ ಎಷ್ಟು ಎಂದು ತೋರಿಸುತ್ತದೆ. ದೊಡ್ಡವರಲ್ಲಿ ಬಹುಪಾಲು ಇರುವುದು ಹಿಮೋಗ್ಲೋಬಿನ್ ಎ. ಎ2 ಎಂಬುದು ಸಾಮಾನ್ಯವಾಗಿ ಶೇ. 2ರಿಂದ 3ರ ಆಸುಪಾಸು. ಅದು ಶೇ. 4 ಅಥವಾ ಹೆಚ್ಚು ಇದ್ದು ಕಣಗಳೂ ಸಣ್ಣವಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕ ಎಂದರ್ಥ. ಶೇ. 3.5ರಿಂದ 3.9 ಅನುಮಾನದ ವಲಯ. ‘ಗಡಿಯಲ್ಲಿದೆ, ಪರವಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಬಿಡಬೇಡಿ, ಗಂಡನ ಪರೀಕ್ಷೆ ಆಗಲೇಬೇಕು.

ಸಿಕಲ್ ಸೆಲ್ ವಾಹಕರಲ್ಲಿ ಎಸ್ ಎಂಬ ಹಿಮೋಗ್ಲೋಬಿನ್ ಸುಮಾರು ಶೇ. 30ರಿಂದ 40 ಇರುತ್ತದೆ, ಎ ಅದಕ್ಕಿಂತ ಹೆಚ್ಚಿರುತ್ತದೆ. ಎಸ್ ಪ್ರಮಾಣ ಎ ಪ್ರಮಾಣವನ್ನು ಮೀರಿದ್ದರೆ ಅದು ಬರೀ ವಾಹಕ ಸ್ಥಿತಿಯಲ್ಲ. ಒಂದು ಕಡೆಯಿಂದ ಸಿಕಲ್, ಇನ್ನೊಂದು ಕಡೆಯಿಂದ ಬೀಟಾ ಥಲಸ್ಸೀಮಿಯಾ ಬಂದಿರಬಹುದು, ಆಗ ನೀವೇ ರೋಗಿ, ನಿಮ್ಮ ಬಸಿರಿಗೇ ವಿಶೇಷ ಆರೈಕೆ ಬೇಕು.

ಈ ಪರೀಕ್ಷೆಯ ದಾರಿ ತಪ್ಪಿಸುವ ಸಂಗತಿಗಳಲ್ಲಿ ಒಂದನ್ನು ಮುಖ್ಯವಾಗಿ ಹೇಳಬೇಕು. ಕಳೆದ ಮೂರು ತಿಂಗಳಲ್ಲಿ ನಿಮಗೆ ರಕ್ತ ಹಾಕಿದ್ದರೆ ವರದಿಯಲ್ಲಿ ದಾನಿಯ ರಕ್ತವೂ ಬೆರೆತು ಕಾಣುತ್ತದೆ. ಲ್ಯಾಬಿನವರಿಗೆ ಅದನ್ನು ಹೇಳದಿದ್ದರೆ ಅವರಿಗೆ ತಿಳಿಯುವ ಬಗೆಯಿಲ್ಲ. ಅಂಥವರಿಗೆ ಡಿಎನ್ಎ ಪರೀಕ್ಷೆ ಅಥವಾ ಮೊದಲು ಗಂಡನ ಪರೀಕ್ಷೆ ಸೂಕ್ತ.

ಹಿಮೋಗ್ಲೋಬಿನ್ನಿನ ಇನ್ನೊಂದು ಭಾಗವಾದ ಆಲ್ಫಾ ಕಡಿಮೆ ತಯಾರಾಗುವುದು ಆಲ್ಫಾ ಥಲಸ್ಸೀಮಿಯಾ. ಅದರ ವಾಹಕರ ಎಚ್‌ಪಿಎಲ್‌ಸಿ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಕಬ್ಬಿಣಾಂಶ ಸರಿಯಿದ್ದು, ಎ2 ಸರಿಯಿದ್ದು, ಕಣಗಳು ಮಾತ್ರ ಸಣ್ಣವಿದ್ದರೆ ಅದು ಕಾರಣವಿರಬಹುದು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆ ಮಗುವಿಗೆ ದೊಡ್ಡ ತೊಂದರೆ ಕೊಡುವುದಿಲ್ಲ.

ಹಾಡಿಗೆ ಬಂದು ಬೆರಳು ಚುಚ್ಚಿ ನೋಡಿದರು, ಸಿಕಲ್ ಸೆಲ್ ಪಾಸಿಟಿವ್ ಎಂದರು. ನನಗೆ ಕಾಯಿಲೆ ಇದೆಯೇ?

ಅಷ್ಟರಿಂದಲೇ ಹೇಳಲಾಗದು. ಶಿಬಿರಗಳಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ರಕ್ತದಲ್ಲಿ ಎಸ್ ಹಿಮೋಗ್ಲೋಬಿನ್ ಇದೆಯೇ ಇಲ್ಲವೇ ಎಂದು ಮಾತ್ರ ತೋರಿಸುತ್ತದೆ. ವಾಹಕರಿಗೂ ರೋಗಿಗೂ ಒಂದೇ ಉತ್ತರ ಬರುತ್ತದೆ. ಬೀಟಾ ಥಲಸ್ಸೀಮಿಯಾ ಇದ್ದರೆ ಅದು ಇದರಲ್ಲಿ ಗೊತ್ತೇ ಆಗುವುದಿಲ್ಲ. ಪಾಸಿಟಿವ್ ಬಂದವರೆಲ್ಲರಿಗೂ ಎಚ್‌ಪಿಎಲ್‌ಸಿ ಅಥವಾ ಅದರಂತೆಯೇ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್ ಆಗಬೇಕು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಕೆಳಗೆ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನವರನ್ನು ತಪಾಸಣೆ ಮಾಡಿ ಕಾರ್ಡ್ ಕೊಡುತ್ತಿದ್ದಾರೆ, ಕರ್ನಾಟಕವೂ ಅದರಲ್ಲಿದೆ. ಆ ಕಾರ್ಡ್ ನಿಮ್ಮಲ್ಲಿದ್ದರೆ ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಗಂಡನ ಕಾರ್ಡನ್ನೂ ತೆಗೆದುಕೊಂಡು ಹೋಗಿ.

ನಾನು ವಾಹಕಿ ಎಂದು ಬಂದಿದೆ. ಮಗುವಿಗೆ ಏನಾಗುತ್ತದೆ?

ಅದು ಗಂಡನ ವರದಿಯ ಮೇಲೆ ನಿಂತಿದೆ. ಗಂಡ ವಾಹಕರಲ್ಲದಿದ್ದರೆ ಮಗುವಿಗೆ ಥಲಸ್ಸೀಮಿಯಾ ಮೇಜರ್ ಆಗಲಿ ಸಿಕಲ್ ಸೆಲ್ ಕಾಯಿಲೆಯಾಗಲಿ ಬರುವುದಿಲ್ಲ. ಮಗು ನಿಮ್ಮಂತೆ ವಾಹಕವಾಗುವ ಸಂಭವ ಅರ್ಧಕ್ಕರ್ಧ, ಅದಕ್ಕೆ ಬಸಿರಿನಲ್ಲಿ ಮಾಡಬೇಕಾದ್ದು ಏನೂ ಇಲ್ಲ. ವಾಹಕ ಸ್ಥಿತಿ ಮುಂದೆ ಬೆಳೆದು ಕಾಯಿಲೆಯಾಗುವುದಿಲ್ಲ. ಈ ಭಯದಿಂದಲೇ ಬಸಿರು ತೆಗೆಸಲು ಹೊರಟವರಿದ್ದಾರೆ, ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 4ರಲ್ಲಿ 1, ವಾಹಕವಾಗುವ ಸಂಭವ 4ರಲ್ಲಿ 2, ಎರಡೂ ಒಳ್ಳೆಯ ಪ್ರತಿ ಸಿಗುವ ಸಂಭವ 4ರಲ್ಲಿ 1. ಮೊದಲ ಮಗುವಿಗೆ ಕಾಯಿಲೆ ಬಂತು, ಇನ್ನು ಮೂರು ಮಕ್ಕಳು ಚೆನ್ನಾಗಿರುತ್ತವೆ ಎಂದು ಇದರರ್ಥವಲ್ಲ. ಹಿಂದಿನ ಹೆರಿಗೆಯಲ್ಲಿ ಏನಾಯಿತು ಎಂಬುದಕ್ಕೂ ಈ ಬಸಿರಿಗೂ ಸಂಬಂಧವಿಲ್ಲ, ಪ್ರತಿ ಸಲವೂ ಲೆಕ್ಕ ಮೊದಲಿಂದ ಶುರು.

ನನಗೆ ಥಲಸ್ಸೀಮಿಯಾ, ಅವರಿಗೆ ಸಿಕಲ್ ಸೆಲ್. ಬೇರೆ ಬೇರೆ ಅಲ್ಲವೇ, ಹಾಗಾದರೆ ಸಮಸ್ಯೆ ಇಲ್ಲವೇ?

ಇದೆ. ಎರಡೂ ಒಂದೇ ಬೀಟಾ ಜೀನ್‌ನ ತೊಂದರೆಗಳು, ಹೀಗಾಗಿ ಮಗುವಿಗೆ ಎರಡೂ ಒಟ್ಟಿಗೆ ಬರಬಹುದು. ಅದನ್ನು ಸಿಕಲ್ ಬೀಟಾ ಥಲಸ್ಸೀಮಿಯಾ ಎನ್ನುತ್ತಾರೆ, ಎಷ್ಟೋ ಮಕ್ಕಳಲ್ಲಿ ಅದು ಸಿಕಲ್ ಸೆಲ್ ಕಾಯಿಲೆಯಷ್ಟೇ ಕಠಿಣವಾಗಿರುತ್ತದೆ. ಬೀಟಾ ಥಲಸ್ಸೀಮಿಯಾ ಜೊತೆ ಹಿಮೋಗ್ಲೋಬಿನ್ ಇ ಸೇರಿದರೂ ಪದೇ ಪದೇ ರಕ್ತ ಹಾಕಿಸಬೇಕಾದ ಸ್ಥಿತಿ ಬರಬಹುದು. ಸಿಕಲ್ ಜೊತೆ ಹಿಮೋಗ್ಲೋಬಿನ್ ಡಿ ಪಂಜಾಬ್ ಎಂಬ ಮತ್ತೊಂದು ಬದಲಾವಣೆ ಸೇರಿದರೂ ಕಾಯಿಲೆಯೇ. ಇ ಅಥವಾ ಡಿ ಒಂದೇ ಇರುವವರಿಗೆ ‘ಇದು ಏನೂ ಅಲ್ಲ’ ಎಂದು ಹೇಳಿ ಕಳಿಸುವ ರೂಢಿ ಇದೆ. ಅವರಿಗೇ ಏನೂ ಆಗುವುದಿಲ್ಲ ಎಂಬುದು ಸರಿ, ಆದರೆ ಜೋಡಿ ಯಾರು ಎಂದು ನೋಡದೆ ಮಗುವಿನ ಬಗ್ಗೆ ಹಾಗೆ ಹೇಳುವಂತಿಲ್ಲ.

ಗಂಡ ಊರಲ್ಲಿಲ್ಲ. ಇದ್ದರೂ ‘ನನ್ನ ಹಿಮೋಗ್ಲೋಬಿನ್ 13 ಇದೆ, ನನಗೇಕೆ ಪರೀಕ್ಷೆ’ ಎನ್ನುತ್ತಾರೆ.

ವಾಹಕ ಗಂಡಸರ ಹಿಮೋಗ್ಲೋಬಿನ್ 13 ಇರುವುದು ಸಾಮಾನ್ಯ ಸಂಗತಿ. ಅವರ ಎಂಸಿವಿ ಎಷ್ಟೆಂದು ಕೇಳಿ. ದುಬೈಯಲ್ಲಿರಲಿ, ಮುಂಬೈಯಲ್ಲಿರಲಿ, ಅವರಿರುವ ಊರಲ್ಲೇ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಮಾಡಿಸಿ ವರದಿಯನ್ನು ಫೋನಿಗೆ ಕಳಿಸಿದರೆ ಮೊದಲ ಹಂತಕ್ಕೆ ಸಾಕು. ಒಂದು ಟ್ಯೂಬ್ ರಕ್ತ, ಉಪವಾಸವೂ ಬೇಕಿಲ್ಲ.

ಗಂಡನ ವರದಿ ಸಿಗುವ ಹಾಗೆಯೇ ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಜೆನೆಟಿಕ್ಸ್ ತಜ್ಞರನ್ನು ಕಂಡರೆ, ನಿಮ್ಮ ಕೆಟ್ಟ ಪ್ರತಿ ಮಗುವಿಗೆ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಇನ್ನೊಂದು ಪ್ರತಿಯನ್ನು ಪೂರ್ತಿ ಓದುವಂಥ ಪರೀಕ್ಷೆಗಳ ಬಗ್ಗೆ ಹೇಳುತ್ತಾರೆ. ಅದಕ್ಕೆ ಸಮಯವೂ ಹಣವೂ ಹೆಚ್ಚು ಬೇಕು.

ಇಬ್ಬರೂ ವಾಹಕರು ಎಂದಾಯಿತು. ಮುಂದೆ ಏನೇನು ನಡೆಯುತ್ತದೆ?

ಒಂದು ಜೋಡಿಯನ್ನು ಊಹಿಸಿಕೊಂಡು ನೋಡೋಣ. ಹಾವೇರಿ ಕಡೆಯ ಹುಡುಗಿ, ಸೋದರತ್ತೆಯ ಮಗನನ್ನೇ ಮದುವೆಯಾಗಿದ್ದಾಳೆ, ಮೊದಲ ಬಸಿರು. 8ನೇ ವಾರದಲ್ಲಿ ಸಿಬಿಸಿ: ಹಿಮೋಗ್ಲೋಬಿನ್ 10.2, ಎಂಸಿವಿ 63, ಎಂಸಿಎಚ್ 19.2, ಕೆಂಪು ಕಣ 5.3 ದಶಲಕ್ಷ. ಬರೀ 10.2 ಎಂಬ ಅಂಕಿ ನೋಡಿದರೆ ಐರನ್ ಮಾತ್ರೆ ಬರೆದು ಕಳಿಸಬಹುದಿತ್ತು. ಆದರೆ ಕಣ ಇಷ್ಟು ಸಣ್ಣದಿದ್ದೂ ಎಣಿಕೆ ಇಷ್ಟೊಂದು ಇರುವುದನ್ನು ನೋಡಿದ ಡಾಕ್ಟರ್ ಅದೇ ದಿನ ಎಚ್‌ಪಿಎಲ್‌ಸಿಗೆ ಬರೆದರು. 9ನೇ ವಾರದಲ್ಲಿ ಎ2 ಶೇ. 5.4 ಎಂದು ಬಂತು. ಜೊತೆಗೇ ರಕ್ತ ಕೊಟ್ಟಿದ್ದ ಗಂಡನ ಹಿಮೋಗ್ಲೋಬಿನ್ 13.4, ಎಂಸಿವಿ 69, ಎ2 ಶೇ. 5.2. ಅವನೂ ವಾಹಕ.

10ನೇ ವಾರ ಇಬ್ಬರೂ ದೊಡ್ಡ ಊರಿನ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ ಡಿಎನ್ಎ ಪರೀಕ್ಷೆಗೆ ರಕ್ತ ಕೊಡುತ್ತಾರೆ. ಬೀಟಾ ಜೀನ್ ಕೆಡುವ ಬಗೆ ನೂರಾರು ಇದ್ದರೂ ಭಾರತದಲ್ಲಿ ಬಹುಪಾಲು ಜನರಲ್ಲಿ ಕಾಣುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಐವಿಎಸ್ 1-5 ಎಂಬುದೇ ಇವರಿಬ್ಬರಲ್ಲೂ ಸಿಕ್ಕಿತು. ಸಂಬಂಧದ ಮದುವೆಯಾದ್ದರಿಂದ ಒಂದೇ ಬಗೆ ಸಿಗುವುದು ನಿರೀಕ್ಷಿತವೇ. ಈ ಹಂತವನ್ನು ಹಾರಿಸಿ ನೇರ ಮಗುವಿನ ಪರೀಕ್ಷೆಗೆ ಹೋಗಲಾಗದು, ಏಕೆಂದರೆ ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ಮಾತ್ರ ಮಗುವಿನ ಮಾದರಿಯಲ್ಲಿ ಅದನ್ನು ಬೇಗ ಮತ್ತು ಖಚಿತವಾಗಿ ಹುಡುಕಬಹುದು.

12ನೇ ವಾರ ಮಾಸಿನ ಅಂಗಾಂಶದ ಚೂರು ತೆಗೆಯುವ ಪರೀಕ್ಷೆ ಆಯಿತು, ಇದನ್ನು ಸಿವಿಎಸ್ ಎನ್ನುತ್ತಾರೆ. ಸುಮಾರು ಎರಡು ವಾರದ ಮೇಲೆ, 14ನೇ ವಾರದಲ್ಲಿ ಬಂದ ಉತ್ತರ: ಒಂದು ಪ್ರತಿಯಲ್ಲಿ ಮಾತ್ರ ಬದಲಾವಣೆ. ಮಗು ಅಪ್ಪ ಅಮ್ಮನಂತೆ ವಾಹಕ. ಬಸಿರು ಮಾಮೂಲಿಯಂತೆ ಮುಂದುವರಿಯುತ್ತದೆ. ಇದೇ ಜೋಡಿ 19ನೇ ವಾರಕ್ಕೆ ಎಚ್‌ಪಿಎಲ್‌ಸಿ ಮಾಡಿಸಿದ್ದರೆ ಸಿವಿಎಸ್‌ನ ಹೊತ್ತು ದಾಟಿ ಗರ್ಭಜಲ ಪರೀಕ್ಷೆ ಮಾಡಬೇಕಾಗುತ್ತಿತ್ತು, ಡಿಎನ್ಎ ವರದಿಗಳೆಲ್ಲ ಬರುವಷ್ಟರಲ್ಲಿ 23–24ನೇ ವಾರ.

ಸಿವಿಎಸ್ ಎಂದರೆ ಮಗುವಿಗೆ ಸೂಜಿ ಚುಚ್ಚುತ್ತಾರೆಯೇ? ಬಸಿರು ಹೋಗುವುದಿಲ್ಲವೇ?

ಸೂಜಿ ಮಗುವಿಗೆ ತಾಕುವುದಿಲ್ಲ. ಸ್ಕ್ಯಾನಿಂಗ್ ಪರದೆಯಲ್ಲಿ ನೋಡುತ್ತಾ ಸಾಮಾನ್ಯವಾಗಿ ಹೊಟ್ಟೆಯ ಮೂಲಕ ಸೂಜಿ ಹಾಕಿ, ಬೆಳೆಯುತ್ತಿರುವ ಮಾಸಿನ ಅಂಗಾಂಶವನ್ನು ಸ್ವಲ್ಪವೇ ಸ್ವಲ್ಪ ಹೀರಿ ತೆಗೆಯುತ್ತಾರೆ. ಮಾಸು ಮಗುವಿನ ಜೀವಕೋಶಗಳಿಂದಲೇ ಆದದ್ದು, ಹೀಗಾಗಿ ಅದರ ಡಿಎನ್ಎ ಮಗುವಿನದೇ. ಕೆಲವು ನಿಮಿಷದ ಕೆಲಸ, ಆ ಜಾಗಕ್ಕೆ ಮರವಟ್ಟಿಸುವ ಔಷಧಿ ಕೊಡುತ್ತಾರೆ, ಸ್ವಲ್ಪ ಹೊತ್ತು ವಿಶ್ರಾಂತಿಯ ಬಳಿಕ ಮನೆಗೆ ಹೋಗಬಹುದು. 11ರಿಂದ 13ನೇ ವಾರ ಇದಕ್ಕೆ ತಕ್ಕ ಕಾಲ. ತಡವಾದರೆ 15–16ನೇ ವಾರದ ಮೇಲೆ ಗರ್ಭಜಲ ತೆಗೆದು ನೋಡುತ್ತಾರೆ.

ಬಸಿರು ಹೋಗುವ ಅಪಾಯ ಇದೆ, ಅನುಭವಿಗಳ ಕೈಯಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇದನ್ನು 4ರಲ್ಲಿ 1ರ ಎದುರು ಇಟ್ಟು ತೂಗುವುದು ನಿಮ್ಮ ನಿರ್ಧಾರ. ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ತಿಂಗಳಿಗೆ ಎಷ್ಟು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಲು ಹಿಂಜರಿಯಬೇಡಿ. ಪರೀಕ್ಷೆಯ ಬಳಿಕ ರಕ್ತಸ್ರಾವ, ನೀರು ಸೋರುವುದು, ಜ್ವರ ಅಥವಾ ನಿಲ್ಲದ ಹೊಟ್ಟೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ನಿಮ್ಮ ರಕ್ತ ನೆಗೆಟಿವ್ ಗುಂಪಿನದಾದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ಅವರು ಮರೆತರೆ ನೀವೇ ನೆನಪಿಸಿ.

ಲ್ಯಾಬಿನಲ್ಲಿ ತಪ್ಪು ನುಸುಳಬಹುದಾದ ಒಂದು ಜಾಗವಿದೆ: ಮಾದರಿಯಲ್ಲಿ ತಾಯಿಯ ಅಂಗಾಂಶ ಬೆರೆತರೆ ಮಗುವಿನ ಬದಲು ತಾಯಿಯ ಉತ್ತರ ಬರಬಹುದು. ತಾಯಿಯ ಜೀವಕೋಶ ಬೆರೆತಿಲ್ಲ ಎಂದು ಪರೀಕ್ಷಿಸಿರುವುದು ವರದಿಯಲ್ಲಿ ಬರೆದಿದೆಯೇ ಎಂದು ನೋಡಿ.

ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುವುದಿಲ್ಲವೇ? ಎನ್ಐಪಿಟಿ ಮಾಡಿಸಿದ್ದೇವಲ್ಲ?

ಇಲ್ಲ. ಬೀಟಾ ಥಲಸ್ಸೀಮಿಯಾ ಅಥವಾ ಸಿಕಲ್ ಇರುವ ಮಗು ಸ್ಕ್ಯಾನಿಂಗ್‌ನಲ್ಲಿ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತದೆ. ತಾಯಿಯ ರಕ್ತದಿಂದ ಮಾಡುವ ಮಾಮೂಲಿ ಎನ್ಐಪಿಟಿ ನೋಡುವುದು ಡೌನ್ ಸಿಂಡ್ರೋಮ್‌ನಂಥ ಕ್ರೋಮೊಸೋಮ್ ತೊಂದರೆಗಳನ್ನು, ಬೀಟಾ ಜೀನನ್ನಲ್ಲ.

ಮಗುವಿಗೆ ಕಾಯಿಲೆ ಇದೆ ಎಂದು ಬಂದರೆ?

ಎರಡು ಕಾಯಿಲೆಗಳನ್ನು ಇಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಬೀಟಾ ಥಲಸ್ಸೀಮಿಯಾ ಮೇಜರ್ ಇರುವ ಮಗು ಹುಟ್ಟುವಾಗ ಚೆನ್ನಾಗಿರುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಚಿಕೊಂಡು, ಹಾಲು ಕುಡಿಯದೆ, ಹೊಟ್ಟೆ ಉಬ್ಬುತ್ತದೆ. ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ರಕ್ತ, ಆ ರಕ್ತದಿಂದ ಹೃದಯ, ಯಕೃತ್ತುಗಳಲ್ಲಿ ತುಂಬುವ ಕಬ್ಬಿಣವನ್ನು ಹೊರಹಾಕಲು ದಿನವೂ ಔಷಧಿ. ಇವೆರಡೂ ತಪ್ಪದೆ ನಡೆದರೆ ಮಕ್ಕಳು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಬಾಳುತ್ತಾರೆ. ತಾಲ್ಲೂಕಿನಿಂದ ರಕ್ತನಿಧಿಗೆ ತಿಂಗಳು ತಿಂಗಳು ಓಡಾಡುವ ಕುಟುಂಬಕ್ಕೆ ಅದು ಎಷ್ಟು ಕಷ್ಟ ಎಂಬುದೂ ಅಷ್ಟೇ ನಿಜ. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು, ಆದರೆ ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಂಭವ 4ರಲ್ಲಿ 1.

ಸಿಕಲ್ ಸೆಲ್ ಕಾಯಿಲೆಯ ತೀವ್ರತೆ ಮಗುವಿನಿಂದ ಮಗುವಿಗೆ ಬೇರೆ. ಭಾರತದಲ್ಲಿ ಕಾಣುವ ಬಗೆಯಲ್ಲಿ ಎಷ್ಟೋ ಮಂದಿಗೆ ಮಗುತನದ ಹಿಮೋಗ್ಲೋಬಿನ್ ಹೆಚ್ಚು ಉಳಿದುಕೊಂಡು ಕಾಯಿಲೆ ಸ್ವಲ್ಪ ಸೌಮ್ಯವಾಗಿರುತ್ತದೆ. ಇನ್ನು ಕೆಲವರಿಗೆ ಮೂಳೆ ಮುರಿದಂಥ ನೋವು, ಸೋಂಕು, ಪಾರ್ಶ್ವವಾಯು. ಬಸಿರಿನ ಪರೀಕ್ಷೆ ಕಾಯಿಲೆ ಇದೆಯೇ ಎಂದು ಹೇಳುತ್ತದೆ, ಎಷ್ಟು ತೀವ್ರ ಎಂದು ಹೇಳುವುದಿಲ್ಲ. ಸಿಕಲ್ ವಿಷಯದಲ್ಲಿ ತೀರ್ಮಾನ ಹೆಚ್ಚು ಕಷ್ಟವಾಗುವುದು ಇದೇ ಕಾರಣಕ್ಕೆ.

ಬಸಿರು ಮುಂದುವರಿಸುವುದೂ ನಿಲ್ಲಿಸುವುದೂ ಗರ್ಭಿಣಿಯ ತೀರ್ಮಾನ. 2021ರ ತಿದ್ದುಪಡಿಯ ನಂತರದ ಗರ್ಭಪಾತ ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಗೊತ್ತುಪಡಿಸಿದ ಕಾರಣಗಳಿದ್ದರೆ ಇಬ್ಬರು ಡಾಕ್ಟರರ ಅಭಿಪ್ರಾಯ ಬೇಕು, ಮಗುವಿನ ಗಂಭೀರ ತೊಂದರೆ ಅಂಥ ಕಾರಣಗಳಲ್ಲಿ ಒಂದು. 24 ವಾರ ದಾಟಿದ ಮೇಲೆ ಇಂಥ ಸಂದರ್ಭದಲ್ಲಿ ಮೆಡಿಕಲ್ ಬೋರ್ಡ್ ಒಪ್ಪಬೇಕು. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಕಾನೂನಿಗೆ ಸಾಕು, ಗಂಡನದ್ದಾಗಲಿ ಅತ್ತೆ ಮಾವನದ್ದಾಗಲಿ ಸಹಿ ಬೇಕಿಲ್ಲ. ಮುಂದುವರಿಸುತ್ತೇನೆ ಎನ್ನುವವರನ್ನೂ ಯಾರೂ ಒತ್ತಾಯಿಸುವಂತಿಲ್ಲ. ಸಿವಿಎಸ್, ಗರ್ಭಜಲ ಪರೀಕ್ಷೆಗಳನ್ನು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಮಾಡಬಹುದು, ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯುತ್ತಾರೆ, ಮಗು ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ.

ವಾಹಕಿಯಾದ ನನ್ನ ಆರೋಗ್ಯಕ್ಕೆ ಏನಾದರೂ ಎಚ್ಚರಿಕೆ ಬೇಕೇ?

ಬೀಟಾ ಥಲಸ್ಸೀಮಿಯಾ ವಾಹಕರಿಗೆ ಬಸಿರಿನಲ್ಲಿ ಹಿಮೋಗ್ಲೋಬಿನ್ ಇನ್ನಷ್ಟು ಇಳಿಯಬಹುದು. ‘ಥಲಸ್ಸೀಮಿಯಾ ಇದ್ದರೆ ಐರನ್ ಮುಟ್ಟಬಾರದು’ ಎಂಬ ಮಾತು ಹರಿದಾಡುತ್ತಿದೆ. ಅದು ರಕ್ತ ಹಾಕಿಸಿಕೊಳ್ಳುವ ರೋಗಿಗಳಿಗೆ ಸಂಬಂಧಿಸಿದ್ದು. ವಾಹಕರಿಗೂ ಕಬ್ಬಿಣಾಂಶದ ಕೊರತೆ ಬರುತ್ತದೆ, ಕೊರತೆ ಇದ್ದರೆ ಮಾತ್ರೆ ಬೇಕು. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟೆಂದು ತೋರಿಸುವ ಫೆರಿಟಿನ್ ನೋಡದೆ ಹಿಮೋಗ್ಲೋಬಿನ್ ಏರಲಿಲ್ಲವೆಂದು ಡ್ರಿಪ್ ಮೂಲಕ ಕಬ್ಬಿಣ ಕೊಡುವುದು ಮಾತ್ರ ಸರಿಯಲ್ಲ. ಏರದಿರುವುದಕ್ಕೆ ಕಾರಣ ಜೀನ್ ಆಗಿದ್ದರೆ ಎಷ್ಟು ಕೊಟ್ಟರೂ ಅದು 12 ಆಗುವುದಿಲ್ಲ. ಫೋಲಿಕ್ ಆಸಿಡ್ ಬಿಡಬೇಡಿ. ಸಿಕಲ್ ವಾಹಕರಿಗೆ ಮೂತ್ರದ ಸೋಂಕು ಸ್ವಲ್ಪ ಹೆಚ್ಚು, ಉರಿಮೂತ್ರ ಬಂದರೆ ಬೇಗ ತೋರಿಸಿ.

ಬಸಿರಿನಲ್ಲಿ ಮಗುವಿನ ಪರೀಕ್ಷೆ ಮಾಡಿಸಲಿಲ್ಲ. ಹುಟ್ಟಿದ ಮೇಲೆ ಏನು ಮಾಡಬೇಕು?

ಸಿಕಲ್ ಆದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲೇ ಎಚ್‌ಪಿಎಲ್‌ಸಿಯಿಂದ ತಿಳಿಯುತ್ತದೆ. ಬೇಗ ತಿಳಿದರೆ ಆಗುವ ಲಾಭ ದೊಡ್ಡದು: ಎರಡು ಮೂರು ತಿಂಗಳಿಂದಲೇ ದಿನವೂ ಪೆನಿಸಿಲಿನ್, ನ್ಯೂಮೊಕಾಕಲ್ ಲಸಿಕೆ, ಮುಂದೆ ಹೈಡ್ರಾಕ್ಸಿಯೂರಿಯಾ. ಇಂಥ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಗುಲ್ಮ ದಿಢೀರನೆ ಉಬ್ಬಿದರೂ ಅಷ್ಟೇ ಅವಸರ, ಎಡ ಪಕ್ಕೆಯ ಕೆಳಗೆ ಮುಟ್ಟಿ ನೋಡುವುದು ಹೇಗೆಂದು ಡಾಕ್ಟರಿಂದ ಕಲಿತುಕೊಳ್ಳಿ.

ಬೀಟಾ ಥಲಸ್ಸೀಮಿಯಾ ಹಾಗಲ್ಲ. ಹುಟ್ಟಿದ ಮಗುವಿನ ರಕ್ತದಲ್ಲಿ ಮಗುತನದ ಹಿಮೋಗ್ಲೋಬಿನ್ನೇ ತುಂಬಿರುವುದರಿಂದ ಎಚ್‌ಪಿಎಲ್‌ಸಿಯಿಂದ ಸರಿಯಾದ ಉತ್ತರ ಸಿಗದು. ಇಬ್ಬರೂ ವಾಹಕರಾಗಿದ್ದರೆ ಡಿಎನ್ಎ ಪರೀಕ್ಷೆ ಮಾಡಿಸಬಹುದು. ಮಗು ವಾಹಕವೇ ಎಂದು ಮಾತ್ರ ತಿಳಿಯಬೇಕಿದ್ದರೆ ಒಂದು ವರ್ಷ ತುಂಬಿದ ಮೇಲೆ ನೋಡಿದರೆ ಸಾಕು.

ತವರಿನವರಿಗೆ, ಗಂಡನ ಮನೆಯವರಿಗೆ ಹೇಳಬೇಕೇ?

ನಿಮ್ಮ ಒಡಹುಟ್ಟಿದವರು ಒಬ್ಬೊಬ್ಬರೂ ವಾಹಕರಾಗಿರುವ ಸಂಭವ ಅರ್ಧಕ್ಕರ್ಧ. ತಂಗಿಗೆ ಮದುವೆ ಮಾತು ನಡೆಯುತ್ತಿದ್ದರೆ, ಅಣ್ಣನ ಹೆಂಡತಿ ಬಸುರಿಯಾಗಿದ್ದರೆ, ಅವರಿಗೆ ಈ ವರದಿ ಈಗಲೇ ಬೇಕು. ಮದುವೆ ಮುರಿಯುತ್ತದೆ ಎಂಬ ಅಂಜಿಕೆಯಿಂದ ಮುಚ್ಚಿಡುವವರು ಇದ್ದಾರೆ. ವಾಹಕ ತಂಗಿ ವಾಹಕನಲ್ಲದ ಯಾರನ್ನು ಮದುವೆಯಾದರೂ ಮಗುವಿಗೆ ಈ ಕಾಯಿಲೆ ಬರುವುದಿಲ್ಲ, ಹುಡುಗನಿಗೂ ಒಂದು ಎಚ್‌ಪಿಎಲ್‌ಸಿ ಮಾಡಿಸಿದರೆ ಮುಗಿಯಿತು. ನಿಮ್ಮಿಬ್ಬರ ಎಚ್‌ಪಿಎಲ್‌ಸಿ ಮತ್ತು ಡಿಎನ್ಎ ವರದಿಗಳ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಬಸಿರಿನಲ್ಲಿ ಆ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಿಲ್ಲ, ತಿಂಗಳು ನಿಂತದ್ದು ತಿಳಿದ ಕೂಡಲೇ ನೇರ ಸಿವಿಎಸ್‌ಗೆ ದಿನ ಗೊತ್ತು ಮಾಡಿಕೊಳ್ಳಬಹುದು.